ಸ್ಮಾರ್ಟ್ ಟಿವಿ: ವೈಫೈ, ಲಾಗಿನ್ ಸುಲಭ, ಕಾಸ್ಟ್ ಮಾಡುವಾಗ ಎಡವುವುದು ಎಲ್ಲಿ?

ಹೊಸ ಸ್ಮಾರ್ಟ್ ಟಿವಿಯನ್ನು ಗೋಡೆಗೆ ಕೂರಿಸಲು ಬಂದ ಹುಡುಗ ಸಾಮಾನ್ಯವಾಗಿ ಅವಸರದಲ್ಲಿರುತ್ತಾನೆ. ನಿಮ್ಮದೇ ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿಸಿ, ಯೂಟ್ಯೂಬ್‌ನಲ್ಲಿ ಒಂದು ಹಾಡು ಹಾಕಿ ತೋರಿಸಿ, ಸಹಿ ಹಾಕಿಸಿಕೊಂಡು ಹೊರಡುತ್ತಾನೆ. ಆ ಮೊಬೈಲ್ ಹಿಡಿದುಕೊಂಡು ಮನೆಯವರು ಪೇಟೆಗೆ ಹೋದರೆ ಸಾಕು, ಟಿವಿಯಲ್ಲಿ ಇಂಟರ್‌ನೆಟ್ ಇಲ್ಲ! ಹಾಗಾಗಿ ಹಾಟ್‌ಸ್ಪಾಟ್ ಬೇಡವೇ ಬೇಡ. ಟಿವಿಯನ್ನು ಮೊದಲ ದಿನವೇ ಮನೆಯ ವೈಫೈಗೆ ಜೋಡಿಸಿ.

ಮೊದಲು ವೈಫೈ

ರಿಮೋಟ್‌ನಲ್ಲಿ ಸೆಟ್ಟಿಂಗ್ಸ್ ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ನಿಮ್ಮ ವೈಫೈ ಹೆಸರು ಆರಿಸಿ, ಪಾಸ್‌ವರ್ಡ್ ಹಾಕಿ. ಇಷ್ಟೇ. ದೊಡ್ಡಕ್ಷರ, ಸಣ್ಣಕ್ಷರ ತಪ್ಪಿದರೆ ಒಪ್ಪುವುದಿಲ್ಲವಾದ್ದರಿಂದ ಪಾಸ್‌ವರ್ಡ್ ತೋರಿಸುವ ಆಯ್ಕೆಯನ್ನು ಮೊದಲೇ ಆನ್ ಮಾಡಿಕೊಂಡು ಟೈಪ್ ಮಾಡಿ.

ಪಟ್ಟಿಯಲ್ಲಿ ನಿಮ್ಮ ಮನೆಯ ಹೆಸರು ಎರಡು ಸಲ ಕಾಣಿಸಬಹುದು, ಒಂದರ ಬಾಲಕ್ಕೆ 5G ಎಂದಿರುತ್ತದೆ. ಇದು ಮೊಬೈಲ್ ಕಂಪನಿಯ 5ಜಿ ಅಲ್ಲ, ರೂಟರ್‌ನ 5 ಗಿಗಾಹರ್ಟ್ಸ್ ಅಲೆ. ಇದು ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. ಇನ್ನೊಂದು 2.4 ಗಿಗಾಹರ್ಟ್ಸ್‌ನದು. ಅದು ದೂರ ಹೋಗುತ್ತದೆ, ವೇಗ ಕಡಿಮೆ. ರೂಟರ್ ಹಾಲ್‌ನಲ್ಲೇ ಇದ್ದರೆ 5G ಹೆಸರನ್ನೇ ಆರಿಸಿ. ನಡುವೆ ಎರಡು ಗೋಡೆ ಇದ್ದರೆ 2.4 ಸಾಕು. ಫುಲ್ ಎಚ್‌ಡಿ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 5 ಮೆಗಾಬಿಟ್ ವೇಗವನ್ನಷ್ಟೇ. ಕಡಿಮೆ ಬೆಲೆಯ ಕೆಲವು ಟಿವಿಗಳಲ್ಲಿ 5 ಗಿಗಾಹರ್ಟ್ಸ್ ಹಿಡಿಯುವ ಸೌಲಭ್ಯವೇ ಇರುವುದಿಲ್ಲ. ಪಟ್ಟಿಯಲ್ಲಿ ಆ ಹೆಸರು ಕಾಣದಿದ್ದರೆ ರೂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ವೈಫೈ ಸಿಕ್ಕಿದ್ದರೂ ಒಂದೂ ಆ್ಯಪ್ ತೆರೆಯುತ್ತಿಲ್ಲವೇ? ಟಿವಿಯ ತಾರೀಖು ನೋಡಿ. ತಾರೀಖು ಹಳೆಯದಾಗಿದ್ದರೆ ಆ್ಯಪ್‌ಗಳು ಸುರಕ್ಷಿತ ಸಂಪರ್ಕ ಸಿಗುತ್ತಿಲ್ಲವೆಂದು ನಿಂತುಬಿಡುತ್ತವೆ. ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆ ಆನ್ ಮಾಡಿ, ಟಿವಿಯನ್ನು ಸ್ವಿಚ್‌ನಲ್ಲೇ ಆರಿಸಿ ಮತ್ತೆ ಹಾಕಿ.

ಲಾಗಿನ್: ರಿಮೋಟ್‌ನಲ್ಲಿ ಪಾಸ್‌ವರ್ಡ್ ಕುಟ್ಟಬೇಡಿ

ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರ ಹುಡುಕಿ ಇಮೇಲ್, ಪಾಸ್‌ವರ್ಡ್ ಹಾಕುವವರನ್ನು ನೋಡಿದರೆ ಸಂಕಟವಾಗುತ್ತದೆ. ಅದರ ಅಗತ್ಯವೇ ಇಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ ಎಲ್ಲವೂ ಟಿವಿ ಪರದೆಯ ಮೇಲೆ ಒಂದು ವಿಳಾಸವನ್ನೂ ಒಂದು ಕೋಡನ್ನೂ ತೋರಿಸುತ್ತವೆ. ಜೊತೆಗೆ ಕ್ಯೂಆರ್ ಚೌಕವೂ ಇದ್ದರೆ ಮೊಬೈಲ್‌ ಕ್ಯಾಮೆರಾದಿಂದ ಅದನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು. ಇಲ್ಲದಿದ್ದರೆ ಮೊಬೈಲ್‌ನ ಬ್ರೌಸರ್‌ನಲ್ಲಿ ಆ ವಿಳಾಸಕ್ಕೆ ಹೋಗಿ ಕೋಡ್ ಹಾಕಿ. ಯೂಟ್ಯೂಬ್‌ಗೆ yt.be/activate, ನೆಟ್‌ಫ್ಲಿಕ್ಸ್‌ಗೆ netflix.com/tv8, ಪ್ರೈಮ್ ವಿಡಿಯೊಗೆ primevideo.com/mytv. ಟಿವಿಯಲ್ಲಿ ಬೇರೆ ವಿಳಾಸ ಕಂಡರೆ ಅದನ್ನೇ ಹಾಕಿ. ಕೋಡ್‌ಗೆ ಆಯುಷ್ಯ ಕಡಿಮೆ, ಹಳೆಯದಾದರೆ ಹೊಸದು ಕೇಳಿ ಪಡೆಯಿರಿ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ವಿಳಾಸವನ್ನು ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಪೂರ್ತಿಯಾಗಿ, ಅಕ್ಷರ ತಪ್ಪದಂತೆ ಟೈಪ್ ಮಾಡಿ. ‘ಟಿವಿ ಆ್ಯಕ್ಟಿವೇಟ್ ಮಾಡುವುದು ಹೇಗೆ’ ಎಂದು ಗೂಗಲ್‌ನಲ್ಲಿ ಹುಡುಕಲು ಹೋಗಬೇಡಿ. ಹಾಗೆ ಹುಡುಕುವವರಿಗಾಗಿಯೇ ನಕಲಿ ಪುಟಗಳು ಕಾದಿರುತ್ತವೆ. ಅಲ್ಲಿ ಕೋಡ್ ಹಾಕಿದರೆ ದೋಷವಿದೆ ಎಂದು ತೋರಿಸಿ ‘ಕಸ್ಟಮರ್ ಕೇರ್’ ನಂಬರ್ ಕೊಡುತ್ತವೆ. ಆ ನಂಬರಿಗೆ ಕರೆ ಮಾಡಿದರೆ ಆ್ಯಕ್ಟಿವೇಶನ್ ಶುಲ್ಕ ಕೇಳುತ್ತಾರೆ, ಇಲ್ಲವೇ ಮೊಬೈಲ್‌ಗೆ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿಕೊಂಡು ನಿಮ್ಮ ಪರದೆಯನ್ನೇ ನೋಡತೊಡಗುತ್ತಾರೆ. ಕೋಡ್ ಹಾಕಿ ಟಿವಿ ಜೋಡಿಸುವುದಕ್ಕೆ ಯಾವ ಕಂಪನಿಯೂ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಹಣದ ಮಾತು ಬಂತೆಂದರೆ ಫೋನ್ ಇಟ್ಟುಬಿಡಿ.

ಇನ್ನು ಲಾಗಿನ್ ಆದರೂ ಸಿನಿಮಾ ಓಡದಿದ್ದರೆ ನಿಮ್ಮ ಪ್ಲಾನ್ ಯಾವುದೆಂದು ನೋಡಿ. ನೆಟ್‌ಫ್ಲಿಕ್ಸ್‌ನ 149 ರೂಪಾಯಿಯ ಮೊಬೈಲ್ ಪ್ಲಾನ್ ಫೋನ್, ಟ್ಯಾಬ್ಲೆಟ್‌ಗಳಿಗೆ ಮಾತ್ರ. ಬೇರೆ ಒಟಿಟಿಗಳಲ್ಲೂ ಇಂಥ ಮೊಬೈಲ್ ಪ್ಲಾನ್‌ಗಳಿವೆ, ರೀಚಾರ್ಜ್ ಜೊತೆ ಉಚಿತವಾಗಿ ಬರುವುದೂ ಎಷ್ಟೋ ಸಲ ಅಂಥದ್ದೇ. ಅಲ್ಲಿ ಟಿವಿಯದೂ ತಪ್ಪಿಲ್ಲ, ವೈಫೈಯದೂ ತಪ್ಪಿಲ್ಲ.

ಕಾಸ್ಟ್: ನಿಜವಾದ ತೊಡಕು ಇಲ್ಲಿದೆ

ಕಾಸ್ಟ್ ಎಂದರೆ ಮೊಬೈಲ್‌ನಿಂದ ಟಿವಿಗೆ ಚಿತ್ರ ಹರಿದು ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಯೂಟ್ಯೂಬ್‌ನಲ್ಲಿ ಕಾಸ್ಟ್ ಗುರುತು ಒತ್ತಿದಾಗ ಮೊಬೈಲ್ ಟಿವಿಗೆ ‘ಈ ವಿಡಿಯೊ ಹಾಕು’ ಎಂದಷ್ಟೇ ಹೇಳುತ್ತದೆ. ವಿಡಿಯೊವನ್ನು ಇಂಟರ್‌ನೆಟ್‌ನಿಂದ ಎಳೆದುಕೊಳ್ಳುವುದು ಟಿವಿಯೇ. ಆದ್ದರಿಂದಲೇ ಆಮೇಲೆ ನೀವು ಕರೆ ಮಾಡಬಹುದು, ವಾಟ್ಸ್‌ಆ್ಯಪ್ ನೋಡಬಹುದು, ಚಿತ್ರ ನಿಲ್ಲುವುದಿಲ್ಲ. ಆದರೆ ಹಾಗೆ ಹೇಳಬೇಕಾದರೆ ಮೊಬೈಲ್‌ಗೆ ಮೊದಲು ಟಿವಿ ಸಿಗಬೇಕು. ‘ಇಲ್ಲಿ ಟಿವಿ ಇದೆಯೇ’ ಎಂದು ಅದು ಕೇಳುವ ಪ್ರಶ್ನೆ ತಾನಿರುವ ವೈಫೈ ಒಳಗಷ್ಟೇ ಸುತ್ತುತ್ತದೆ. ಟಿವಿ ಬೇರೆ ನೆಟ್‌ವರ್ಕ್‌ನಲ್ಲಿದ್ದರೆ ಉತ್ತರ ಬರುವುದಿಲ್ಲ, ಕಾಸ್ಟ್ ಗುರುತೂ ಮೂಡುವುದಿಲ್ಲ.

‘ಎರಡೂ ನಮ್ಮ ಮನೆ ವೈಫೈಯಲ್ಲೇ ಇವೆ’ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅತ್ತೆಯವರ ಮನೆಯಲ್ಲೂ ಹಾಗೇ ಹೇಳಿದ್ದರು. ಇಂಟರ್‌ನೆಟ್‌ನವರು ಕೊಟ್ಟ ರೂಟರ್ ಕೆಳಗಿನ ಹಾಲ್‌ನಲ್ಲಿತ್ತು. ಮಹಡಿಗೆ ಸಿಗ್ನಲ್ ಬಾರದೆಂದು ಕೆಳಗಿನಿಂದ ಕೇಬಲ್ ಎಳೆದು ಮೇಲೊಂದು ರೂಟರ್ ಹಾಕಿಸಿದ್ದರು. ಟಿವಿ ಕೆಳಗಿನ ವೈಫೈಯಲ್ಲಿತ್ತು. ಮಾವನವರ ಮೊಬೈಲ್ ಮಾತ್ರ ಮಹಡಿಯಿಂದ ಇಳಿದು ಬಂದರೂ ಮೇಲಿನ ವೈಫೈಯನ್ನೇ ಹಿಡಿದುಕೊಂಡಿರುತ್ತಿತ್ತು. ಕಾಸ್ಟ್ ಗುರುತು ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಟಿವಿ ಸರಿಯಿಲ್ಲವೆಂದು ಅಂಗಡಿಗೆ ದೂರು ಕೊಡುವ ತಯಾರಿಯೂ ನಡೆದಿತ್ತು.

ಇದನ್ನು ಪತ್ತೆ ಮಾಡಲು ನೆಟ್‌ವರ್ಕ್ ಪ್ರತಿ ಸಾಧನಕ್ಕೂ ಕೊಡುವ ಅಂಕೆಗಳ ಗುರುತು, ಅಂದರೆ ಐಪಿ ವಿಳಾಸ ನೋಡಿದರೆ ಸಾಕು. ಟಿವಿಯಲ್ಲಿ ನೆಟ್‌ವರ್ಕ್ ವಿಭಾಗದಲ್ಲಿ ಜೋಡಿಸಿರುವ ವೈಫೈ ಹೆಸರನ್ನು ಒತ್ತಿದರೆ ಅದು ಕಾಣುತ್ತದೆ. ಮೊಬೈಲ್‌ನಲ್ಲೂ ಹಾಗೆಯೇ, ವೈಫೈ ಹೆಸರಿನ ಪಕ್ಕದ ಗುರುತು ಒತ್ತಿ ಕೆಳಗೆ ಸರಿಸಿ. ಆ ಮನೆಯಲ್ಲಿ ಕಂಡದ್ದು ಹೀಗೆ:

```
ಟಿವಿ      192.168.1.7
ಮೊಬೈಲ್   192.168.0.104
```

ಚುಕ್ಕಿಗಳ ನಡುವಿನ ಮೊದಲ ಮೂರು ಅಂಕೆಗಳು ಎರಡರಲ್ಲೂ ಒಂದೇ ಆಗಿರಬೇಕು. ಇಲ್ಲಿ ಮೂರನೆಯದು ಒಂದರಲ್ಲಿ 1, ಇನ್ನೊಂದರಲ್ಲಿ 0. ಅಂದರೆ ಮೇಲಿನ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದೆ, ಮೊಬೈಲ್‌ನ ಪ್ರಶ್ನೆ ಅದನ್ನು ದಾಟಿ ಕೆಳಗೆ ಬರುತ್ತಿಲ್ಲ.

ತಾತ್ಕಾಲಿಕ ದಾರಿ ಎಂದರೆ ಮೊಬೈಲ್‌ನಲ್ಲಿ ಕೆಳಗಿನ ವೈಫೈಯನ್ನು ಕೈಯಾರೆ ಆರಿಸುವುದು. ಆದರೆ ನಾಳೆ ಮತ್ತೆ ಅದೇ ರಗಳೆ. ಸರಿಯಾದ ದಾರಿ ಬೇರೆ. ಮೇಲಿನ ರೂಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಆ ಪುಟದ ವಿಳಾಸ, ಪಾಸ್‌ವರ್ಡ್ ರೂಟರ್‌ನ ತಳದ ಚೀಟಿಯ ಮೇಲೆ ಅಚ್ಚಾಗಿರುತ್ತವೆ. ಮೋಡ್ ಬದಲಾದ ಮೇಲೆ ಅದು ಸ್ವಂತ ನೆಟ್‌ವರ್ಕ್ ಕಟ್ಟುವುದನ್ನು ನಿಲ್ಲಿಸಿ ಕೆಳಗಿನದನ್ನೇ ಮೇಲಕ್ಕೆ ಹಂಚುತ್ತದೆ. ಮಾವನವರ ಮೊಬೈಲ್‌ಗೂ ಆಮೇಲೆ 192.168.1 ರಿಂದಲೇ ಶುರುವಾಗುವ ವಿಳಾಸ ಬಂತು. ಮಹಡಿಯಲ್ಲಿ ಕುಳಿತೇ ಕೆಳಗಿನ ಟಿವಿಗೆ ಹಾಡು ಹಾಕುವಂತಾಯಿತು. ಹೊಸದಾಗಿ ಎರಡನೇ ರೂಟರ್ ಕೊಳ್ಳುವುದಿದ್ದರೆ ಈ ಮೋಡ್ ಇದೆಯೇ ಎಂದು ಕೇಳಿಯೇ ಕೊಳ್ಳಿ, ಇಲ್ಲದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಅಂಕೆಗಳು ಹೊಂದಿಕೆಯಾಗಿಯೂ ಗುರುತು ಬಾರದಿದ್ದರೆ ಮೊದಲು ಮೊಬೈಲ್‌ನಲ್ಲಿ ವಿಪಿಎನ್ ಆನ್ ಆಗಿದೆಯೇ ನೋಡಿ, ಇದ್ದರೆ ಆರಿಸಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಎಂಬಲ್ಲಿ ಯೂಟ್ಯೂಬ್‌ಗೆ ಅನುಮತಿ ಇರಬೇಕು. ಆ್ಯಪ್ ಹಾಕಿದ ದಿನ ಆ ಪ್ರಶ್ನೆ ಬಂದಾಗ ‘ಬೇಡ’ ಎಂದು ಒತ್ತಿ ಮರೆತವರು ಬಹಳ. ಇನ್ನೊಂದು ಕಾರಣ ಬಂದುಹೋಗುವವರಿಗೆಂದು ಪ್ರತ್ಯೇಕವಾಗಿ ಇಡುವ ಗೆಸ್ಟ್ ವೈಫೈ. ಅದರಲ್ಲಿರುವ ಸಾಧನಗಳು ಒಂದನ್ನೊಂದು ನೋಡದಂತೆ ರೂಟರ್ ಬೇಕೆಂದೇ ತಡೆಯುತ್ತದೆ. ಹಾಸ್ಟೆಲ್, ಪಿಜಿ, ಲಾಡ್ಜ್‌ಗಳ ವೈಫೈಯಲ್ಲಿ ಕಾಸ್ಟ್ ಆಗದಿರುವುದು ಹೆಚ್ಚಾಗಿ ಇದರಿಂದಲೇ.

ಅಂಥ ಕಡೆ ಯೂಟ್ಯೂಬ್ ಮಟ್ಟಿಗೆ ಒಂದು ಒಳದಾರಿ ಇದೆ. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ Link with TV code ಎಂದು ಇರುತ್ತದೆ. ಅಲ್ಲಿ ಬರುವ ಅಂಕೆಗಳನ್ನು ಮೊಬೈಲ್‌ನ ಯೂಟ್ಯೂಬ್ ಸೆಟ್ಟಿಂಗ್ಸ್‌ನ Watch on TV ಎಂಬಲ್ಲಿ ಹಾಕಿ. ಮೊಬೈಲ್ ತನ್ನ ಡೇಟಾದಲ್ಲಿದ್ದರೂ, ಟಿವಿ ಬೇರೆ ವೈಫೈಯಲ್ಲಿದ್ದರೂ ಇದು ಕೆಲಸ ಮಾಡುತ್ತದೆ, ಏಕೆಂದರೆ ಎರಡೂ ಇಂಟರ್‌ನೆಟ್ ಮೂಲಕವೇ ಮಾತಾಡಿಕೊಳ್ಳುತ್ತವೆ.

ಕಾಸ್ಟ್ ಗುರುತು ಕಾಣದೆ ಬೇಸತ್ತವರು ಸ್ಕ್ರೀನ್ ಮಿರರಿಂಗ್‌ಗೆ ಹೋಗುತ್ತಾರೆ. ಅದು ಬೇರೆಯೇ ವಿದ್ಯೆ. ಅಲ್ಲಿ ಮೊಬೈಲ್ ಪರದೆಯಲ್ಲಿ ಏನಿದೆಯೋ ಅಷ್ಟೂ ಟಿವಿಗೆ ಹೋಗುತ್ತದೆ, ಬಂದ ಮೆಸೇಜೂ ಮನೆಮಂದಿಗೆಲ್ಲ ಕಾಣುತ್ತದೆ. ಮೊಬೈಲ್ ಬಿಸಿಯಾಗುತ್ತದೆ, ಪರದೆ ಆರಿಸಿದರೆ ಟಿವಿಯೂ ನಿಲ್ಲುತ್ತದೆ. ಒಟಿಟಿ ಆ್ಯಪ್‌ಗಳಲ್ಲಂತೂ ಬಹುತೇಕ ಮಾತು ಕೇಳಿಸುತ್ತದೆ, ಚಿತ್ರದ ಜಾಗ ಕಪ್ಪು. ನಕಲು ತಡೆಯಲು ಆ್ಯಪ್‌ನವರೇ ಹಾಗೆ ಮಾಡಿರುತ್ತಾರೆ, ಯಾವ ಸೆಟ್ಟಿಂಗ್‌ನಿಂದಲೂ ಸರಿಹೋಗದು. ಮದುವೆ ಫೋಟೊ ತೋರಿಸಲು ಮಿರರಿಂಗ್ ಬಳಸಿ, ಸಿನಿಮಾಕ್ಕೆ ಬೇಡ.

ನೆಟ್‌ಫ್ಲಿಕ್ಸ್‌ನಲ್ಲಿ ಮಾತ್ರ ಕಾಸ್ಟ್ ಗುರುತಿಗಾಗಿ ಹುಡುಕುತ್ತಾ ಕೂರಬೇಡಿ. ರಿಮೋಟ್ ಇರುವ ಹೆಚ್ಚಿನ ಟಿವಿಗಳಿಗೆ ಮೊಬೈಲ್‌ನಿಂದ ಕಾಸ್ಟ್ ಮಾಡುವ ಸೌಲಭ್ಯವನ್ನು ಆ ಕಂಪನಿ 2025ರ ಕೊನೆಯಲ್ಲಿ ತೆಗೆದುಹಾಕಿದೆ. ಟಿವಿಯಲ್ಲಿರುವ ಅದರ ಆ್ಯಪನ್ನೇ ತೆರೆದು ಮೇಲೆ ಹೇಳಿದಂತೆ ಕೋಡ್ ಹಾಕಿ ಲಾಗಿನ್ ಆಗಿ. ಲಾಡ್ಜ್‌ ಅಥವಾ ನೆಂಟರ ಮನೆಯ ಟಿವಿಯಲ್ಲಿ ಹೀಗೆ ಲಾಗಿನ್ ಆಗಿದ್ದರೆ ಹೊರಡುವ ಮೊದಲು ಸೈನ್ ಔಟ್ ಆಗಿ. ಮರೆತು ಬಂದಿದ್ದರೆ ಮೊಬೈಲ್‌ನ ಬ್ರೌಸರ್‌ನಲ್ಲಿ ನಿಮ್ಮ ಅಕೌಂಟ್ ತೆರೆದು, ಅಲ್ಲಿನ ಸಾಧನಗಳ ಪಟ್ಟಿಯಿಂದ ಆ ಟಿವಿಯನ್ನು ತೆಗೆದುಹಾಕಬಹುದು.