ಬಾಲಕ್ಕಿಂತ ಮೊದಲು ನಾನು ನಾಯಿಯ ಬಾಯಿ ನೋಡುತ್ತೇನೆ

ಕಲಬುರಗಿಯ ಬೇಸಿಗೆಯಲ್ಲಿ ನಾಯಿಗಳು ಹಗಲೆಲ್ಲ ಬಾಯಿ ತೆರೆದು ತೇಕುತ್ತಲೇ ಇರುತ್ತವೆ. ಹಾಗೆ ತೇಕುತ್ತಿದ್ದ ನಾಯಿ ತಟ್ಟನೆ ಬಾಯಿ ಮುಚ್ಚಿ, ಮೈ ಬಿಗಿ ಹಿಡಿದು ನಿಶ್ಚಲವಾದರೆ, ಅದು ಕಚ್ಚುವ ಮುಂಚಿನ ಸುಳಿವಿರಬಹುದು ಅಂತ ನಾನು ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಬಾಲದ ಮಾತು ಆಮೇಲೆ.

ನಮ್ಮ ಮನೆಯ ಕಾಳ್ಯಾ ಊರ ನಾಯಿ. ಅವನ ಬಾಲ ಯಾವಾಗಲೂ ಬೆನ್ನ ಮೇಲೆ ಸುರುಳಿ. ಬಾಲ ಮೇಲಿದ್ದರೆ ಸಿಟ್ಟು ಅನ್ನುವ ಲೆಕ್ಕ ಅವನಿಗೆ ಹೊಂದುವುದಿಲ್ಲ. ಸುಮ್ನೆ ಇದ್ದಾಗ ಬಾಲ, ಕಿವಿ ಹೇಗಿರುತ್ತವೆ ಅಂತ ಮೊದಲು ತಿಳಿದಿರಬೇಕು, ಅದರಿಂದ ಎಷ್ಟು ಬದಲಾಯಿತು ಅಂತ ನೋಡಬೇಕು. ಲ್ಯಾಬ್ರಡಾರ್‌ನಂಥ ಜೋಲು ಕಿವಿಯ ನಾಯಿಯಾದರೆ ಕಿವಿಯ ತುದಿ ಏನೂ ಹೇಳದು, ಬುಡ ಹಿಂದಕ್ಕೆ ಹೋಯಿತಾ ಅಂತ ಗಮನಿಸಬೇಕು.

ಮೊನ್ನೆ ತಂಗಿಯ ಮಗ ಅಂಬೆಗಾಲಿಡುತ್ತಾ ಕಾಳ್ಯಾನ ಕಡೆ ಹೊರಟ. ಕಾಳ್ಯಾ ಪಡಸಾಲೆಯ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಗೋಡೆಗೆ ಒತ್ತಿ ಮಲಗಿದ್ದ. ಮೊದಲು ಮುಖ ಆಚೆ ತಿರುಗಿಸಿದ. ಮೂಗು ನೆಕ್ಕಿಕೊಂಡ. ಇದು 'ದೂರ ಇರು' ಅನ್ನುವ ಮೆಲು ಮಾತು. ಮಗು ನಿಲ್ಲಲಿಲ್ಲ. ಕಿವಿಗಳು ತಲೆಗೆ ಅಂಟಿಕೊಂಡವು. ಮುಖ ಆಚೆಗಿದ್ದರೂ ಕಣ್ಣು ಮಗುವಿನ ಮೇಲೆ, ಬಿಳಿಭಾಗ ಕಾಣುವಷ್ಟು. ಬಾಯಿ ಮುಚ್ಚಿತು. ಆದರೆ ಬಾಲದ ತುದಿ ಸಣ್ಣಗೆ, ಬಿಗಿಯಾಗಿ ಅಲ್ಲಾಡುತ್ತಿತ್ತು.

"ಬಾಲ ಆಡಸ್ಲಾಕತ್ತದಲ್ಲ ಅಣ್ಣಾ, ಏನೂ ಮಾಡಂಗಿಲ್ಲ," ಅಂದಳು ತಂಗಿ.

ಖುಷಿಯ ಬಾಲ ಹಾಗಿರುವುದಿಲ್ಲ. ಖುಷಿಯಾದಾಗ ಸೊಂಟವೂ ಬಾಲದ ಜೊತೆ ಬಳುಕುತ್ತದೆ. ಇಲ್ಲಿ ಮೈಯೆಲ್ಲ ಕಲ್ಲು, ತುದಿ ಮಾತ್ರ ಚಲನೆ. ಹಿಂದೆ ಗೋಡೆ ಇದ್ದದ್ದರಿಂದ ಅವನಿಗೆ ಹಿಂದಕ್ಕೆ ಸರಿಯಲು ಜಾಗವೂ ಇರಲಿಲ್ಲ.

ನಾನು ಕೂಗಲಿಲ್ಲ, ಓಡಲೂ ಇಲ್ಲ. ಕೂಗಿದರೆ ಮಗುವೂ ಬೆಚ್ಚುತ್ತದೆ, ನಾಯಿಯೂ. ಕೊರಳಪಟ್ಟಿಗೆ ಕೈ ಹಾಕಿದ್ದರೆ ನನಗೇ ಕಚ್ಚಬಹುದಿತ್ತು. ದಿನದ ದನಿಯಲ್ಲೇ "ಕಾಳ್ಯಾ, ಬಾ" ಅಂದು, ಮಗುವಿಲ್ಲದ ಕಡೆ ರೊಟ್ಟಿ ಚೂರು ಎಸೆದೆ. ಅವನು ಎದ್ದು ಆ ಕಡೆ ಹೋದ. ಅಷ್ಟರಲ್ಲಿ ತಂಗಿ ಮಗುವನ್ನು ಎತ್ತಿಕೊಂಡಳು. ಅಂಬೆಗಾಲಿಡುವ ಮಗುವಿನ ಮುಖ ನಾಯಿಯ ಬಾಯಿಯ ಮಟ್ಟಕ್ಕೇ ಇರುತ್ತದೆ, ಅದಕ್ಕೇ ಸಣ್ಣ ಮಕ್ಕಳಿಗೆ ಕಡಿತ ಜಾಸ್ತಿ ಆಗುವುದು ಮುಖ, ತಲೆಗೆ.

ಅವನು ಗುರ್ ಅಂದಿದ್ದರೂ ನಾನು ಬೈಯುತ್ತಿರಲಿಲ್ಲ. ಬೈದು ಬೈದು ಗುರ್ ಅನ್ನುವುದನ್ನು ಬಿಡಿಸಿದರೆ ಸಿಟ್ಟು ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಅಂಥ ನಾಯಿ ಸದ್ದಿಲ್ಲದೆ ಕಚ್ಚುತ್ತದೆ.

ನಾಯಿಯ ಮೈ ನೋಡಿ ಮನಸ್ಸು ಓದುವುದು ಎಲ್ಲ ಹೊತ್ತೂ ಕೈಹಿಡಿಯುವುದಿಲ್ಲ. ನಿದ್ದೆಯಲ್ಲಿರುವ ನಾಯಿಯನ್ನು ಮಗು ಮುಟ್ಟಿದರೆ ಸುಳಿವು ಕೊಡಲು ಅದಕ್ಕೆ ಹೊತ್ತೇ ಇರುವುದಿಲ್ಲ. ಊಟದ ತಟ್ಟೆ, ಮರಿಗಳ ಹತ್ತಿರವೂ ಹಾಗೇ, ಎಲ್ಲ ಕ್ಷಣದಲ್ಲಿ ಮುಗಿಯಬಹುದು. ಹಾಗಾಗಿ ಕಾಳ್ಯಾನ ಊಟ, ನಿದ್ದೆ ಎರಡೂ ಈಗ ಹಿತ್ತಲಿನಲ್ಲಿ, ನಡುವೆ ಚಿಲಕ ಹಾಕಿದ ಬಾಗಿಲು.