127ರ ನಂತರ 143: ಒಂದು ಎಣಿಕೆ ಯಂತ್ರದ ಕಥೆ

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮಂಡ್ಯದ ಕಡೆಯ ಆಲೆಮನೆಯೊಂದಕ್ಕೆ ಕಬ್ಬಿನ ಗಾಣದ ಸುತ್ತುಗಳನ್ನು ಎಣಿಸುವ ಬೋರ್ಡ್ ಮಾಡಿಕೊಟ್ಟಿದ್ದೆ. ದಿನಕ್ಕೆ ಒಂದೆರಡು ಬಾರಿ ಎಣಿಕೆ ಸರಿಯಾಗಿ 16 ಹೆಚ್ಚುತ್ತಿತ್ತು, ಇಲ್ಲವೇ 16 ಕಡಿಮೆಯಾಗುತ್ತಿತ್ತು. ಮೋಟಾರಿನ ವಿದ್ಯುತ್ ಗಲಾಟೆ ಇರಬೇಕೆಂದು ಎರಡು ವಾರ ಸುಮ್ಮನೆ ತಂತಿಗಳನ್ನು ಬೈದೆ.

ಲಾಜಿಕ್ ಅನಲೈಸರ್‌ನಲ್ಲಿ ಹಿಡಿದಾಗ 127ರ ನಂತರ 143 ಬಂದಿತ್ತು. ಎಣಿಕೆ ನಡೆಯುವುದು ನಾಲ್ಕು ನಾಲ್ಕು ಬಿಟ್‌ಗಳ 74HC161 ಚಿಪ್‌ಗಳಲ್ಲಿ. ಒಂದೇ 'ಎಣಿಸು' ಸಂಕೇತವನ್ನು ಹದಿನಾರುಗಳನ್ನು ಎಣಿಸುವ ಮೇಲಿನ ಚಿಪ್ 1 ಎಂದು ಓದಿತ್ತು, 0ಯಿಂದ 15ರವರೆಗೆ ಎಣಿಸುವ ಕೆಳಗಿನದು 0 ಎಂದು.

ಆ ಸಂಕೇತ ಬರುತ್ತಿದ್ದುದು ಸೆನ್ಸರನ್ನು ಓದುವ 74HC74 ಫ್ಲಿಪ್-ಫ್ಲಾಪ್‌ನಿಂದ. ಕ್ಲಾಕ್ ಏರಿದಾಗಲೆಲ್ಲ ಸೆನ್ಸರ್ 0 ಇದೆಯೋ 1 ಇದೆಯೋ ನೋಡಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಅದರೊಳಗೆ ಒಂದನ್ನೊಂದು ಹಿಡಿದುಕೊಂಡ ಎರಡು ಇನ್ವರ್ಟರ್‌ಗಳಿವೆ. ಕ್ಲಾಕ್ ಏರುವ ಹೊತ್ತಿಗೇ ಸೆನ್ಸರ್ ಬದಲಾದರೆ, ಅವು 0ಗೂ 1ಕ್ಕೂ ನಡುವಿನ ಸಮತೋಲದಲ್ಲಿ ಸಿಕ್ಕಿಬೀಳುತ್ತವೆ. ಒನಕೆಯನ್ನು ನೆಟ್ಟಗೆ ನಿಲ್ಲಿಸಿ ಕೈಬಿಟ್ಟಂತೆ: ಬೀಳುವುದು ಖಚಿತ, ಎಷ್ಟು ಹೊತ್ತಿಗೆ ಎಂಬುದು ಖಚಿತವಿಲ್ಲ. ನೆಟ್ಟಗಿದ್ದಷ್ಟೂ ತಡ. ತಡವಾಗಿ ಬದಲಾಗುವ ಸಂಕೇತವನ್ನು ಒಂದು ಚಿಪ್ 1 ಎಂದೂ ಇನ್ನೊಂದು 0 ಎಂದೂ ಓದಿಬಿಡಬಹುದು.

ಆಸಿಲೋಸ್ಕೋಪಿನಲ್ಲಿ ನಡುವಿನ ವೋಲ್ಟೇಜ್ ಕಾಣುತ್ತದೆ ಎಂದುಕೊಂಡಿದ್ದೆ, ಕಾಣಲಿಲ್ಲ. ಹೊರಗಿನ ಬಫರ್ ಅದನ್ನು ಮರೆಮಾಚುತ್ತದೆ. ಗೆರೆಗಳನ್ನು ಅಳಿಸದೆ ಬಿಟ್ಟಾಗ ಮಾತ್ರ, ಸುಮಾರು 15 ನ್ಯಾನೋಸೆಕೆಂಡಿಗೆ ಬದಲಾಗುವ ದಟ್ಟ ಗೆರೆಯ ಬಲಕ್ಕೆ ತಡವಾಗಿ ಬಂದ ಕೆಲವು ಬಿಡಿ ಗೆರೆಗಳು ಉಳಿದವು.

ತಪ್ಪು ಎಷ್ಟು ಹೊತ್ತಿಗೊಮ್ಮೆ ಆಗುತ್ತದೆ ಎಂಬುದಕ್ಕೆ ಸೂತ್ರವಿದೆ:

```
MTBF = e^(t/τ) / (T0 · fc · fd)
```

ಇಲ್ಲಿ t ಎಂದರೆ ತೀರ್ಮಾನಕ್ಕೆ ಬಿಟ್ಟುಕೊಟ್ಟ ಸಮಯ. τ ಮತ್ತು T0 ಚಿಪ್ಪಿನ ಗುಣಗಳು. τ 2 ನ್ಯಾನೋಸೆಕೆಂಡ್, T0 1 ನ್ಯಾನೋಸೆಕೆಂಡ್ ಎಂದು ಅಂದಾಜಿಸಿಕೊಂಡೆ. fc ಎಂದರೆ ಕ್ಲಾಕ್, 10 ಮೆಗಾಹರ್ಟ್ಸ್; fd ಎಂದರೆ ಸೆನ್ಸರ್, ಸೆಕೆಂಡಿಗೆ ಸಾವಿರ ಬಾರಿ ಬದಲಾಗುತ್ತದೆ. ಮಧ್ಯದ ಗೇಟುಗಳು ಹೊತ್ತು ತಿಂದು ನನ್ನಲ್ಲಿ ಉಳಿದಿದ್ದುದು 20 ನ್ಯಾನೋಸೆಕೆಂಡ್. ಲೆಕ್ಕ ಬಂದದ್ದು ಸುಮಾರು 37 ನಿಮಿಷಕ್ಕೊಂದು ತಡ. ಕೆಳಗಿನ ಚಿಪ್ 15ರಲ್ಲಿದ್ದಾಗ ತಡವಾದರೆ ಮಾತ್ರ 16ರ ಜಿಗಿತ. ಹಾಗಾಗಿ ದಿನಕ್ಕೆ ಒಂದೆರಡು.

ಪರಿಹಾರ ಸರಳ: ಮೊದಲನೆಯದರ ಬೆನ್ನಿಗೇ, ನಡುವೆ ಗೇಟಿಲ್ಲದೆ, ಇನ್ನೊಂದು ಫ್ಲಿಪ್-ಫ್ಲಾಪ್. ಒಂದು ಕ್ಲಾಕಿನ 100 ನ್ಯಾನೋಸೆಕೆಂಡಿನಲ್ಲಿ ಈಗ ಸಿಗುವುದು 80. ಅಂದಾಜು 75 ಕೋಟಿ ವರ್ಷಕ್ಕೊಂದು ತಪ್ಪು. ಆದರೂ ಸೊನ್ನೆಯಲ್ಲ. ಸೆನ್ಸರ್ ಬದಲಾಗುವ ಕ್ಷಣವನ್ನು ಎಷ್ಟು ಬೇಕಾದರೂ ಸಣ್ಣದಾಗಿ ಆಚೀಚೆ ಸರಿಸಬಹುದು. ಒಂದು ಕೊನೆಯಲ್ಲಿ ಉತ್ತರ 0, ಇನ್ನೊಂದು ಕೊನೆಯಲ್ಲಿ 1. ನಡುವೆ ಎಲ್ಲೋ ಒಂದು ಬಿಂದುವಿನಲ್ಲಿ ಒನಕೆ ನೆಟ್ಟಗೆ ನಿಲ್ಲಲೇಬೇಕು. ಷ್ಮಿಟ್ ಟ್ರಿಗರ್ ಹಾಕಿದರೂ ಆ ಬಿಂದು ಬೇರೆಡೆಗೆ ಸರಿಯುತ್ತದೆ, ಅಷ್ಟೇ.

ಹೋದ ತಿಂಗಳು ಆಲೆಮನೆಯ ಯಜಮಾನರ ಮಗ, "ಅಣ್ಣಾ, ಕ್ಲಾಕ್ 20 ಮೆಗಾಹರ್ಟ್ಸ್ ಮಾಡಿಕೊಡಿ" ಎಂದ. ಒಂದು ಕ್ಲಾಕ್ 50 ನ್ಯಾನೋಸೆಕೆಂಡಾಗಿ, ಸಿಗುವ ಸಮಯ 80ರಿಂದ 30 ನ್ಯಾನೋಸೆಕೆಂಡಿಗೆ ಇಳಿಯಿತು, 75 ಕೋಟಿ ವರ್ಷ 45 ಗಂಟೆಯಾಯಿತು. ಮೂರನೆಯ ಫ್ಲಿಪ್-ಫ್ಲಾಪ್ ಹಾಕಿಯೇ ಬೋರ್ಡ್ ಕಳುಹಿಸಿದೆ.