ಮುಚ್ಚಿದ ಲೆಕ್ಕದೊಳಗಿನ ತಪ್ಪು: ನಾನು ಸರಿಪಡಿಸಿದ್ದು ಹೀಗೆ

ಇಬ್ಬರು ಪಾಲುದಾರರ ಒಂದು ಸಂಸ್ಥೆಯ ಲೆಕ್ಕ ನನ್ನ ಕೈಗೆ ಬಂದಾಗ ಹಿಂದಿನ ವರ್ಷದ ಪುಸ್ತಕ ಮುಚ್ಚಿಯಾಗಿತ್ತು. 3,10,000 ಲಾಭ ಎಂದು ತೋರಿಸಿ ಇಬ್ಬರೂ ಹಂಚಿಕೊಂಡೂ ಆಗಿತ್ತು. ಆದರೆ ಸಸ್ಪೆನ್ಸ್ ಖಾತೆಯಲ್ಲಿ 5,400 ಕ್ರೆಡಿಟ್ ಬಾಕಿ ಹಾಗೇ ಉಳಿದಿತ್ತು. ತಾಳೆಪಟ್ಟಿ ಕೂಡದಿದ್ದಾಗ ಯಾರೋ ವ್ಯತ್ಯಾಸವನ್ನು ಅಲ್ಲಿ ಹಾಕಿ ಕೈತೊಳೆದುಕೊಂಡಿದ್ದರು.

5,400 ಒಂಬತ್ತರಿಂದ ಭಾಗವಾಗುತ್ತದೆ. ಹಾಗಿದ್ದರೆ ಅಂಕಿ ಅದಲುಬದಲಾಗಿರಬೇಕು, 82 ಬರೆಯುವಲ್ಲಿ 28 ಬರೆದ ಹಾಗೆ. ಈ ಹಳೇ ಉಪಾಯ ನಂಬಿ ಎರಡು ದಿನ ಹುಡುಕಿದೆ, ಏನೂ ಸಿಗಲಿಲ್ಲ. ತಪ್ಪು ಒಂದಲ್ಲ, ಎರಡಿದ್ದವು. ಮಾರಾಟ ಪುಸ್ತಕದ ಒಂದು ಪುಟದ ಮೊತ್ತ 9,000 ಕಡಿಮೆ ಕೂಡಿತ್ತು. ಗ್ರಾಹಕರಿಗೆ ಕೊಟ್ಟ 3,600 ರಿಯಾಯಿತಿ ಗ್ರಾಹಕರ ಖಾತೆಯಲ್ಲಿ ಇತ್ತು, ರಿಯಾಯಿತಿ ಖಾತೆಗೆ ಹೋಗಿರಲಿಲ್ಲ. ಒಂದು ಕ್ರೆಡಿಟ್ ಕಡೆ ಕೊರತೆ, ಇನ್ನೊಂದು ಡೆಬಿಟ್ ಕಡೆ ಕೊರತೆ. ಒಂದರಲ್ಲಿ ಇನ್ನೊಂದು ಕಳೆದು 5,400 ಮಾತ್ರ ಕಾಣುತ್ತಿತ್ತು.

ಹುಡುಕುವಾಗ ಸಿಕ್ಕ ಮೂರನೆಯದೇ ದೊಡ್ಡದು. ಹೊಸ ಯಂತ್ರ ಕೂರಿಸಲು ಕೊಟ್ಟ 40,000 ಕೂಲಿ, ಕೂಲಿ ಖಾತೆಗೆ ಹೋಗಿತ್ತು. ಅದು ಯಂತ್ರದ ಬೆಲೆಗೆ ಸೇರಬೇಕಾದ ಹಣ. ಡೆಬಿಟ್, ಕ್ರೆಡಿಟ್ ಎರಡೂ ಸಮ ಇದ್ದುದರಿಂದ ತಾಳೆಪಟ್ಟಿಗೆ ಇದರ ಸುಳಿವೇ ಇರಲಿಲ್ಲ. ತಾಳೆಪಟ್ಟಿ ಕೂಡಿತು ಎಂದು ನಿರಾಳರಾಗುವವರನ್ನು ಕಂಡರೆ ನನಗೆ ಅದಕ್ಕೇ ಭಯ.

ಇಲ್ಲೇ ನಾನೂ ಎಡವುತ್ತಿದ್ದೆ. ಯಂತ್ರ ಖಾತೆ ಡೆಬಿಟ್, ಕೂಲಿ ಖಾತೆ ಕ್ರೆಡಿಟ್ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟಿದ್ದೆ. ಪುಸ್ತಕ ಮುಚ್ಚುವ ಮೊದಲು ಅದು ಸರಿ. ಈಗ ಹಿಂದಿನ ವರ್ಷದ ಕೂಲಿ ಖಾತೆ ಲಾಭ-ನಷ್ಟ ಖಾತೆಗೆ ಹೋಗಿ ಶೂನ್ಯವಾಗಿದೆ. ನನ್ನ ಕ್ರೆಡಿಟ್ ಬೀಳುವುದು ಈ ವರ್ಷದ ಕೂಲಿಯ ಮೇಲೆ. ಈ ವರ್ಷದ ಕೂಲಿ 40,000 ಕಡಿಮೆ ಕಾಣುತ್ತದೆ, ಲಾಭ ಸುಮ್ನೆ ಅಷ್ಟು ಉಬ್ಬುತ್ತದೆ. ಆ ನಮೂದು ಹೊಡೆದುಹಾಕಿದೆ. ಮುಚ್ಚಿಹೋದ ಖರ್ಚು-ಆದಾಯ ಖಾತೆಗಳ ಜಾಗದಲ್ಲಿ ಲಾಭ-ನಷ್ಟ ಹೊಂದಾಣಿಕೆ ಖಾತೆ ಬರಬೇಕು. ಆಸ್ತಿ ಮತ್ತು ವ್ಯಕ್ತಿಗಳ ಖಾತೆಗಳು ಮುಂದಿನ ವರ್ಷಕ್ಕೂ ನಡೆದು ಬರುತ್ತವೆ, ಅವನ್ನು ನೇರವಾಗಿ ತಿದ್ದಬಹುದು.

ಕೊನೆಗೆ ಬರೆದ ನಮೂದುಗಳು ಇವು:

ಯಂತ್ರ ಖಾತೆ ಡೆಬಿಟ್ 40,000; ಹೊಂದಾಣಿಕೆ ಖಾತೆ ಕ್ರೆಡಿಟ್ 40,000.
ಹೊಂದಾಣಿಕೆ ಖಾತೆ ಡೆಬಿಟ್ 2,000. ಯಂತ್ರ ಖಾತೆ ಕ್ರೆಡಿಟ್ 2,000.
ಸಸ್ಪೆನ್ಸ್ ಖಾತೆ ಡೆಬಿಟ್ 9,000. ಹೊಂದಾಣಿಕೆ ಖಾತೆ ಕ್ರೆಡಿಟ್ 9,000.
ಹೊಂದಾಣಿಕೆ ಖಾತೆ ಡೆಬಿಟ್ 3,600. ಸಸ್ಪೆನ್ಸ್ ಖಾತೆ ಕ್ರೆಡಿಟ್ 3,600.

ಎರಡನೆಯದು ಸವಕಳಿ. ಇದನ್ನು ಮರೆಯುವವರೇ ಜಾಸ್ತಿ. ಕೂಲಿ ಯಂತ್ರದ ಬೆಲೆಗೆ ಸೇರಿದ ಮೇಲೆ ಅದಕ್ಕೂ ಸವಕಳಿ ಬೇಕು ಅಲ್ವಾ? ದರ ವರ್ಷಕ್ಕೆ ಶೇಕಡಾ 10, ಯಂತ್ರ ಓಡಿದ್ದು ಆರು ತಿಂಗಳು, ಹಾಗಾಗಿ 2,000.

ಒಬ್ಬ ಗ್ರಾಹಕರು ಕೊಟ್ಟ 12,500 ಅದೇ ಹೆಸರಿನ ಇನ್ನೊಬ್ಬರಿಗೆ ಜಮೆಯಾಗಿದ್ದೂ ಸಿಕ್ಕಿತು. ಅದು ಇಬ್ಬರ ಖಾತೆಯ ನಡುವಿನ ಮಾತು. ಲಾಭಕ್ಕೆ ಸಂಬಂಧವಿಲ್ಲ, ಹೊಂದಾಣಿಕೆ ಖಾತೆಯ ತನಕ ತರಲಿಲ್ಲ.

ಹೊಂದಾಣಿಕೆ ಖಾತೆಯಲ್ಲಿ ಕ್ರೆಡಿಟ್ 49,000, ಡೆಬಿಟ್ 5,600. ಉಳಿದದ್ದು 43,400 ಕ್ರೆಡಿಟ್. ಅಂದರೆ ಹಿಂದಿನ ವರ್ಷದ ನಿಜವಾದ ಲಾಭ 3,53,400. ನಂಬಿಕೆಗೆ ಇನ್ನೊಂದು ಕಡೆಯಿಂದಲೂ ನೋಡಿದೆ. ಯಂತ್ರದ ಬೆಲೆ 38,000 ಏರಿತು, ಹೊಣೆಯ ಕಡೆ ಇದ್ದ 5,400 ಸಸ್ಪೆನ್ಸ್ ಇಲ್ಲವಾಯಿತು. ಎರಡೂ ಸೇರಿ 43,400. ಇಷ್ಟು ತಾಳೆಯಾದರೆ ನಾನು ನಿಶ್ಚಿಂತೆ.

ಹಂಚುವಾಗ ಇನ್ನೊಂದು ಗಂಟು. ಪಾಲುದಾರರು ಈ ವರ್ಷದಿಂದ ಸಮಪಾಲು ಮಾಡಿಕೊಂಡಿದ್ದರು, ಹಿಂದಿನ ವರ್ಷ 3:2 ಇತ್ತು. ಕಿರಿಯ ಪಾಲುದಾರರು ಕೇಳಿದರು, "ತಪ್ಪು ಸಿಕ್ಕಿದ್ದು ಈಗ ತಾನೇ, ಅರ್ಧ ನನಗೂ ಬರಬೇಕಲ್ಲ ಸರ್?"

"ಸಿಕ್ಕಿದ್ದು ಈಗ, ದುಡಿದದ್ದು ಆಗ. ಆಗಿನ ಲೆಕ್ಕದಂತೆಯೇ ಹೋಗಬೇಕು" ಎಂದೆ. ಹಿರಿಯರ ಬಂಡವಾಳ ಖಾತೆಗೆ 26,040, ಕಿರಿಯರದಕ್ಕೆ 17,360 ಹಾಕಿದೆ. ಅರ್ಧರ್ಧ ಮಾಡಿದ್ದರೆ 4,340 ತಪ್ಪು ಜೇಬಿಗೆ ಹೋಗುತ್ತಿತ್ತು. ಅವರಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ, ಆದರೂ ಹಳೇ ಒಪ್ಪಂದದ ಕಾಗದ ತೆರೆದು ನೋಡಿ ಸಹಿ ಹಾಕಿದರು. ಲಾಭ ಏರಿದ್ದರಿಂದ ತೆರಿಗೆಯನ್ನೂ ಮತ್ತೆ ಲೆಕ್ಕ ಹಾಕಬೇಕಿತ್ತು. ಪ್ರತಿ ನಮೂದಿನ ಕೆಳಗೆ ಯಾವ ಪುಟದ ಯಾವ ತಪ್ಪು ಎಂದು ವಿವರಣೆ ಬರೆದು, ಆ ಹಾಳೆಗಳ ಪ್ರತಿಯನ್ನು ಅವರ ತೆರಿಗೆ ಸಲಹೆಗಾರರಿಗೆ ಕಳುಹಿಸಿದೆ.